ಒಂದೇ ನೇಂದ್ರ, ಮೂರು ದಾರಿ: ಕುಕ್ಕರ್, ಬಿಸಿಗಾಳಿ, ಬಾಣಲೆ

ಏರ್ ಫ್ರಯರ್ ಎಂಬ ಯಂತ್ರ ಈಗ ಹಳ್ಳಿಮನೆಗಳಿಗೂ ಬರತೊಡಗಿದೆ. ಹೆಚ್ಚಿನ ಕಡೆ ಅದನ್ನು ಕಳಿಸುವವರು ಪೇಟೆಯಲ್ಲಿರುವ ಮಕ್ಕಳು. ನಮ್ಮಲ್ಲಿಗೆ ಬಂದದ್ದೂ ಹಾಗೆಯೇ. ಮಾವನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಎಂಟು ವರ್ಷ. ಕರಿದದ್ದು ಬೇಡ ಅಂತ ವೈದ್ಯರು ಹೇಳಿದ್ದಾರೆ. ಮಾವನಿಗೋ ಸಂಜೆ ಕಾಫಿಯ ಜತೆಗೆ ನೇಂದ್ರ ಚಿಪ್ಸ್ ಇಲ್ಲದಿದ್ದರೆ ಆಗುವುದಿಲ್ಲ. "ಇದರಲ್ಲಾದರೆ ಎಣ್ಣೆಯೇ ಇಲ್ಲ, ಅಜ್ಜ ಧಾರಾಳ ತಿನ್ನಲಿ" ಎಂದು ಮಗ ಬೆಂಗಳೂರಿನಿಂದ ಕಳಿಸಿಕೊಟ್ಟ.

ಈ 'ಧಾರಾಳ ತಿನ್ನಲಿ' ಎಂಬ ಮಾತು ಎಷ್ಟು ಸರಿ? ತೋಟದಲ್ಲಿ ಅಡಿಕೆಯ ನಡುವೆ ನೂರಿಪ್ಪತ್ತು ನೇಂದ್ರ ಬುಡ ಇದೆ. ದರ ಬಿದ್ದಾಗ ಗೊನೆಗಳು ಮನೆಯಲ್ಲೇ ಉಳಿಯುತ್ತವೆ. ಪರೀಕ್ಷೆಗೆ ಬೇಕಾದ ಸಾಮಾನು ಎದುರಿಗೇ ಇತ್ತು. ಒಂದೇ ಗೊನೆಯ ಬಲಿತ ಕಾಯಿ ತೆಗೆದು, ಸಿಪ್ಪೆ ಕಳೆದು, ಒಂದೊಂದು ಕಿಲೋದ ಮೂರು ಪಾಲು ಮಾಡಿದೆ. ಒಂದು ಪಾಲು ತೆಂಗಿನೆಣ್ಣೆಯಲ್ಲಿ ಕರಿದೆ. ಎರಡನೆಯದನ್ನು ಏರ್ ಫ್ರಯರಿಗೆ ಹಾಕಿದೆ. ಮೂರನೆಯದನ್ನು ಕುಕ್ಕರಿನಲ್ಲಿ ಬೇಯಿಸಿದೆ. ಪ್ರತಿಯೊಂದಕ್ಕೂ ಮೊದಲು ಮತ್ತು ನಂತರ ತಕ್ಕಡಿ ಹಿಡಿದೆ.

ಬಾಣಲೆಯ ಲೆಕ್ಕ

ಕರಿದ ತಿಂಡಿಯಲ್ಲಿ ಎಷ್ಟು ಎಣ್ಣೆ ಹೋಯಿತೆಂದು ತಿಳಿಯಲು ಪ್ರಯೋಗಾಲಯ ಬೇಡ. ಎಣ್ಣೆ ತುಂಬಿದ ಬಾಣಲೆಯನ್ನು ಒಲೆಗಿಡುವ ಮೊದಲು ತೂಗಿ. ಕರಿದು ಮುಗಿದು, ಪೂರ್ತಿ ತಣಿದ ಮೇಲೆ ಮತ್ತೆ ತೂಗಿ. ಸೋಸುವ ಬುಟ್ಟಿಯಿಂದ ಇಳಿದ ಎಣ್ಣೆಯನ್ನೂ ವಾಪಸು ಬಾಣಲೆಗೇ ಸುರಿದಿರಬೇಕು. ಕಾಯಿಯ ನೀರು ಆವಿಯಾಗಿ ಹೋಗಿರುತ್ತದೆ. ಹಾಗಾಗಿ ಕಡಿಮೆಯಾದದ್ದು ಹೆಚ್ಚುಕಡಿಮೆ ತಿಂಡಿಯೊಳಗೆ ಸೇರಿದ ಎಣ್ಣೆ.

ನನಗೆ ಸಿಕ್ಕಿದ್ದು 180 ಗ್ರಾಂ. ಒಂದು ಕಿಲೋ ಕಾಯಿಯಿಂದ ಬಂದ ಚಿಪ್ಸ್ 530 ಗ್ರಾಂ. ಅಂದರೆ ಚಿಪ್ಸಿನ ಮೂರನೇ ಒಂದು ಭಾಗ ಬರೇ ಎಣ್ಣೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ. ಅದು ತೆಂಗಿನೆಣ್ಣೆಯಾಗಲಿ, ಶೇಂಗಾ ಎಣ್ಣೆಯಾಗಲಿ, ಕ್ಯಾಲರಿಯಲ್ಲಿ ವ್ಯತ್ಯಾಸವಿಲ್ಲ. ಹಸಿ ನೇಂದ್ರದಲ್ಲಿ ನೂರು ಗ್ರಾಮಿಗೆ ಸುಮಾರು 120 ಕ್ಯಾಲರಿ. ಒಂದು ಕಿಲೋ ಕಾಯಿಯ ಸ್ವಂತ ಕ್ಯಾಲರಿ 1200, ಎಣ್ಣೆ ತಂದದ್ದು 1620. ಕಾಯಿಗಿಂತ ಎಣ್ಣೆಯ ಭಾರವೇ ಹೆಚ್ಚಾಯಿತು!

ಎಣ್ಣೆ ಯಾಕೆ ಇಷ್ಟು ಸೇರುತ್ತದೆ? ಕಾದ ಎಣ್ಣೆಗೆ ಹೋಳು ಬಿದ್ದಾಗ ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ನಾವು ನೋಡುವ ಗುಳ್ಳೆಗಳು ಅವೇ. ಆವಿ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ಹೋಗುವುದು ಕಷ್ಟ. ಚಿಪ್ಸನ್ನು ಮೇಲೆತ್ತಿದಾಗ ಆಟ ಬದಲಾಗುತ್ತದೆ. ಹೋಳು ತಣಿಯತೊಡಗುತ್ತದೆ, ಒಳಗೆ ಉಳಿದ ಆವಿ ಕುಗ್ಗುತ್ತದೆ, ಆ ಖಾಲಿ ತೂತುಗಳು ಮೈಗಂಟಿದ ಎಣ್ಣೆಯನ್ನು ಹೀರಿಕೊಳ್ಳುತ್ತವೆ. ಹೆಚ್ಚಿನ ಎಣ್ಣೆ ಒಳಗೆ ಹೋಗುವುದು ಎತ್ತಿದ ಮೇಲಿನ ಒಂದೆರಡು ನಿಮಿಷದಲ್ಲಿ.

ಈ ಸಂಗತಿ ತಿಳಿದರೆ ಉಪಾಯವೂ ಹೊಳೆಯುತ್ತದೆ. ಎತ್ತಿದ ಕೂಡಲೇ ಪಾತ್ರೆಗೆ ಸುರಿಯಬೇಡಿ. ಕಣ್ಣು ಸಟ್ಟುಗದಲ್ಲಿ ಹಿಡಿದು, ಬಾಣಲೆಯ ಬಿಸಿಯ ಮೇಲೆಯೇ ಚೆನ್ನಾಗಿ ಕುಡುಗಿ. ಬಿಸಿ ಎಣ್ಣೆ ತೆಳು, ಬೇಗ ಇಳಿಯುತ್ತದೆ. ಆಮೇಲೆ ಬುಟ್ಟಿಯಲ್ಲಿ ಹರಡಿ. ರಾಶಿ ಹಾಕಿದರೆ ಒಂದರ ಎಣ್ಣೆ ಇನ್ನೊಂದಕ್ಕೆ. ಎಣ್ಣೆ ಸಾಕಷ್ಟು ಕಾಯದೆ ಹೋಳು ಹಾಕಿದರೆ, ಅಥವಾ ಒಮ್ಮೆಗೇ ತುಂಬಾ ಹಾಕಿ ಎಣ್ಣೆ ತಣಿದರೆ, ಹೋಳು ಗರಿಯಾಗಲು ಹೊತ್ತು ಹಿಡಿದು ಜಿಡ್ಡು ಜಾಸ್ತಿಯಾಗುತ್ತದೆ.

ಹೋಳಿನ ದಪ್ಪವೂ ಲೆಕ್ಕಕ್ಕಿದೆ. ತೆಳುವಾದಷ್ಟು ಮೈ ಜಾಸ್ತಿ, ಮೈ ಜಾಸ್ತಿಯಾದಷ್ಟು ಎಣ್ಣೆ ಜಾಸ್ತಿ. ಬೆರಳು ಗಾತ್ರಕ್ಕೆ ಕೊಯ್ದು ಕರಿದರೆ ಹೊರಗೆ ಮಾತ್ರ ಗರಿ, ಒಳಗೆ ಮೆತ್ತಗೆ. ಎಣ್ಣೆ ಚಿಪ್ಸಿನ ಅರ್ಧವೂ ಸೇರುವುದಿಲ್ಲ. ಆದರೆ ಅದನ್ನು ಡಬ್ಬಿಯಲ್ಲಿಡಲು ಆಗದು, ಆ ದಿನವೇ ತಿನ್ನಬೇಕು.

ಬಿಸಿಗಾಳಿಯ ಪೆಟ್ಟಿಗೆ

ಏರ್ ಫ್ರಯರಿನಲ್ಲಿ 'ಫ್ರೈ' ಅನ್ನುವುದು ಹೆಸರಿಗೆ ಮಾತ್ರ. ಒಳಗೆ ಕಾಯುವ ಸುರುಳಿ, ಅದರ ಮೇಲೊಂದು ಫ್ಯಾನು. ಬಿಸಿಗಾಳಿ ಜೋರಾಗಿ ಸುತ್ತುತ್ತದೆ, ಹೋಳಿನ ನೀರು ಆರುತ್ತದೆ, ಮೇಲ್ಮೈ ಕೆಂಪಗಾಗುತ್ತದೆ. ಕೊಬ್ಬರಿ ಡ್ರಯರ್ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅದನ್ನೇ ಚಿಕ್ಕದು ಮಾಡಿ ಬಿಸಿ ಹೆಚ್ಚಿಸಿದ ಹಾಗೆ. ಈಗಿನ ರೂಪದ ಈ ಯಂತ್ರವನ್ನು ಫಿಲಿಪ್ಸ್ ಕಂಪೆನಿ 2010ರಲ್ಲಿ ಮಾರುಕಟ್ಟೆಗೆ ತಂದಿತು.

ನಮ್ಮದು ನಾಲ್ಕು ಲೀಟರಿನದು, 1500 ವಾಟ್. ನಾಲ್ಕು ಲೀಟರ್ ಅಂದರೂ ಒಮ್ಮೆಗೆ ಹಿಡಿಯುವ ಹೋಳು ಕಾಲು ಕಿಲೋ. ಅದಕ್ಕಿಂತ ಹೆಚ್ಚು ತುಂಬಿದರೆ ಗಾಳಿಗೆ ದಾರಿಯಿಲ್ಲದೆ ಮೇಲಿನವು ಸೀದು ಅಡಿಯವು ಹಸಿಯಾಗಿ ಉಳಿಯುತ್ತವೆ. ಹೋಳು ಬಾಣಲೆಗೆ ಕೊಯ್ಯುವಷ್ಟು ತೆಳುವಾಗಬಾರದು. ತೆಳುವಾದರೆ ಹಾರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುಮಾರು ಮೂರು ಮಿಲಿಮೀಟರ್ ದಪ್ಪ ನಮಗೆ ಹೊಂದಿತು. ಅರಸಿನ ಹಾಕಿದ ಉಪ್ಪುನೀರಿನಲ್ಲಿ ಕಾಲು ಗಂಟೆ ಇಟ್ಟು, ಬಟ್ಟೆಯಲ್ಲಿ ಒರಸಿ, ಕಿಲೋಗೆ ಎರಡು ಚಹಾ ಚಮಚ ಎಣ್ಣೆ ಸವರಿದೆ. ಎಣ್ಣೆ ಪೂರಾ ಬಿಟ್ಟರೆ ಹೋಳು ಒಣ ಚರ್ಮದ ಹಾಗಾಗುತ್ತದೆ. 160 ಡಿಗ್ರಿಯಲ್ಲಿ ಹದಿನೆಂಟು ನಿಮಿಷ, ಐದು ನಿಮಿಷಕ್ಕೊಮ್ಮೆ ಬುಟ್ಟಿ ಎಳೆದು ಕುಲುಕಬೇಕು.

ಒಂದು ಕಿಲೋ ಕಾಯಿ ನಾಲ್ಕು ಸಲಕ್ಕೆ ಮುಗಿಯಿತು. ಹಿಡಿದ ಸಮಯ ಒಂದೂಕಾಲು ಗಂಟೆ, ಕರೆಂಟು ಒಂದೂವರೆ ಯುನಿಟ್ಟಿನ ಹತ್ತಿರ. ಬಾಣಲೆಯಲ್ಲಿ ಇದೇ ಕೆಲಸ ಮುಕ್ಕಾಲು ಗಂಟೆಯೊಳಗೆ ಆಗಿತ್ತು. ಸಿಕ್ಕಿದ್ದು 370 ಗ್ರಾಂ. ಸೇರಿದ ಎಣ್ಣೆ ಹತ್ತು ಗ್ರಾಂ. ಒಟ್ಟು ಕ್ಯಾಲರಿ 1290. ಬಾಣಲೆಯ 2820ಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ. ಇಲ್ಲಿಯ ತನಕ ಮಗನ ಮಾತು ಸರಿ.

ಮುಷ್ಟಿಯಲ್ಲಿ ಅಡಗಿದ ಪಿಷ್ಟ

ಆದರೆ ನಾವು ತಿನ್ನುವುದು ಕಿಲೋ ಲೆಕ್ಕದಲ್ಲಿ ಅಲ್ಲ, ಮುಷ್ಟಿ ಲೆಕ್ಕದಲ್ಲಿ. ಒಂದು ದೊಡ್ಡ ಮುಷ್ಟಿ ಚಿಪ್ಸ್ 50 ಗ್ರಾಂ ಅಂತ ಇಟ್ಟುಕೊಳ್ಳಿ.

ಬಾಣಲೆಯ 50 ಗ್ರಾಂ ಚಿಪ್ಸ್ ಆದದ್ದು 95 ಗ್ರಾಂ ಹಸಿ ಕಾಯಿಯಿಂದ. ಏರ್ ಫ್ರಯರಿನ 50 ಗ್ರಾಂ ಆದದ್ದು 135 ಗ್ರಾಂ ಕಾಯಿಯಿಂದ. ಬಾಣಲೆಯದ್ದರಲ್ಲಿ ಮೂರನೇ ಒಂದು ಭಾಗ ಎಣ್ಣೆ ಕುಳಿತಿತ್ತಲ್ಲ, ಇದರಲ್ಲಿ ಆ ಜಾಗದಲ್ಲೂ ಬಾಳೆಕಾಯಿಯೇ ಇದೆ. ನೂರು ಗ್ರಾಂ ಹಸಿ ನೇಂದ್ರದಲ್ಲಿ ಪಿಷ್ಟ-ಸಕ್ಕರೆ ಸೇರಿ ಸುಮಾರು 32 ಗ್ರಾಂ. ಹಾಗಾದರೆ ಬಾಣಲೆಯ ಒಂದು ಮುಷ್ಟಿಯಲ್ಲಿ 30 ಗ್ರಾಂ, ಏರ್ ಫ್ರಯರಿನ ಮುಷ್ಟಿಯಲ್ಲಿ 43 ಗ್ರಾಂ.

ಸಕ್ಕರೆ ಕಾಯಿಲೆಯವರು ಮುಖ್ಯವಾಗಿ ನೋಡಬೇಕಾದದ್ದು ಈ ಅಂಕಿ. ರಕ್ತದ ಸಕ್ಕರೆ ಏರಿಸುವುದು ಎಣ್ಣೆಯಲ್ಲ, ಪಿಷ್ಟ. ಬಿಸಿಗಾಳಿ ಎಣ್ಣೆಯನ್ನು ತಪ್ಪಿಸಿತೇ ಹೊರತು ಪಿಷ್ಟವನ್ನು ಒಂದು ಕಾಳಿನಷ್ಟೂ ಕಡಿಮೆ ಮಾಡಲಿಲ್ಲ. ನೀರು ಆರಿಸಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು, ಅಷ್ಟೆ.

"ಎಣ್ಣೆ ಇಲ್ಲದ್ದಲ್ವಾ ಮಗಾ, ಇನ್ನೊಂದು ಮುಷ್ಟಿ ಹಾಕು" ಅಂತ ಮಾವ ತಟ್ಟೆ ಚಾಚುವುದು ಸುರುವಾಗಿತ್ತು. ಎರಡು ಮುಷ್ಟಿ ಅಂದರೆ 86 ಗ್ರಾಂ ಪಿಷ್ಟ. ಒಂದು ಹೊತ್ತಿನ ಊಟಕ್ಕೇ ಅದು ಜಾಸ್ತಿ, ಇವರದ್ದು ಬರೇ ಕಾಫಿಯ ಹೊತ್ತಿನದ್ದು. ಗ್ಲುಕೋಮೀಟರಿನಲ್ಲಿ ರಾತ್ರಿಯ ಸಕ್ಕರೆ ಇಳಿಯುವ ಬದಲು ಏರಿದ್ದು ಯಾಕೆಂದು ತಕ್ಕಡಿ ಹಿಡಿದ ಮೇಲೆ ಅರ್ಥವಾಯಿತು. "ಮಾವ, ಇದರಲ್ಲಿ ಎಣ್ಣೆ ಇಲ್ಲ ನಿಜ, ಆದರೆ ಬಾಳೆಕಾಯಿ ಜಾಸ್ತಿ ಉಂಟು" ಎಂದು ಕಾಗದದಲ್ಲಿ ಬರೆದು ತೋರಿಸಿದೆ. ಅವರು ಅಡಿಕೆ ಲೆಕ್ಕ ಬರೆದವರು, ಕೂಡಲೇ ಹಿಡಿದರು. "ಹಾಗಾದ್ರೆ ಒಣಗಿದ ತೂಕ ಅನ್ನು" ಎಂದರು. ಸರಿಯಾದ ಮಾತು. ಹಸಿ ಅಡಿಕೆಗೂ ಒಣ ಅಡಿಕೆಗೂ ಒಂದೇ ತೂಕದ ಬೆಲೆ ಕಟ್ಟುತ್ತೇವೆಯೇ?

ಕುಕ್ಕರಿನ ಪಾಲು

ಮೂರನೆಯ ಪಾಲನ್ನು ಸಿಪ್ಪೆ ತೆಗೆದ ಹೋಳಾಗಿಯೇ ಬೇಯಿಸಿದೆ. ಕುಕ್ಕರಿಗೆ ಒಂದು ಲೋಟ ನೀರು, ಅದರೊಳಗೊಂದು ಸ್ಟ್ಯಾಂಡ್, ಮೇಲೆ ತಟ್ಟೆಯಲ್ಲಿ ಹೋಳು. ಮುಚ್ಚಳ ಹಾಕಿ, ಆವಿ ನೇರ ಕೊಳವೆಯಾಗಿ ಬರತೊಡಗಿದ ಮೇಲೆ ವೈಟ್ ಇಟ್ಟೆ. ಒಂದು ವಿಶಲ್ ಆದ ಕೂಡಲೇ ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯಲು ಬಿಟ್ಟೆ. ಒಲೆ ಉರಿದದ್ದು ಹತ್ತು ನಿಮಿಷ. ಒಂದು ಕಿಲೋ ಕಾಯಿ ಹೆಚ್ಚುಕಡಿಮೆ ಒಂದು ಕಿಲೋವೇ ಉಳಿಯಿತು. ಕ್ಯಾಲರಿ ಅದೇ 1200.

ಮನೆಯ ಕುಕ್ಕರಿನೊಳಗೆ ಒತ್ತಡದಿಂದಾಗಿ ನೀರು ಕುದಿಯುವುದು 100ರಲ್ಲಲ್ಲ, 120 ಡಿಗ್ರಿಯ ಹತ್ತಿರ. ಅದಕ್ಕೇ ಬೇಗ ಬೇಯುವುದು. ಒಳಗೆ ಪೂರಾ ಆವಿಯಿರುವ ಕಾರಣ ಏನೂ ಒಣಗುವುದಿಲ್ಲ, ಕೆಂಪಾಗುವುದೂ ಇಲ್ಲ.

ಮಾವನ ಮುಷ್ಟಿಯ ಲೆಕ್ಕ ಇಲ್ಲಿಗೆ ತಂದರೆ, 30 ಗ್ರಾಂ ಪಿಷ್ಟಕ್ಕೆ ಬೆಂದ ಕಾಯಿ 95 ಗ್ರಾಂ ಸಿಗುತ್ತದೆ. ಅದು ಸಣ್ಣ ಬಟ್ಟಲು ತುಂಬ ಆಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಕ್ಯಾಲರಿ ಬರೇ 115. ಬಾಣಲೆಯ ಮುಷ್ಟಿಯಲ್ಲಿ 265 ಇತ್ತು.

ಹಾಗೆಂದು ಕುಕ್ಕರಿನಿಂದ ಹೊರಬಂದದ್ದೆಲ್ಲ ಹಗುರ ಅಂತಲೂ ತಿಳಿಯಬೇಡಿ. ಅದೇ ಕಾಯಿಗೆ ಎರಡು ಸಟ್ಟುಗ ತೆಂಗಿನೆಣ್ಣೆಯ ಒಗ್ಗರಣೆ ಹಾಕಿ, ನೂರು ಗ್ರಾಂ ತೆಂಗಿನತುರಿ ಬೆರೆಸಿ ಪಲ್ಯ ಮಾಡಿದೆವು ಅನ್ನಿ. ಎಣ್ಣೆ 25 ಗ್ರಾಂ, ಅದರಿಂದ 225 ಕ್ಯಾಲರಿ. ತುರಿಯಿಂದ ಇನ್ನೊಂದು 350. ಪಲ್ಯದ ಒಟ್ಟು ಲೆಕ್ಕ 1775 ಆಯಿತು. ಏರ್ ಫ್ರಯರಿನ ಚಿಪ್ಸನ್ನೇ ದಾಟಿತು! ಕುಕ್ಕರ್ ಎಣ್ಣೆ ಕೇಳುವುದಿಲ್ಲ, ಒಗ್ಗರಣೆ ಸೌಟು ಕೇಳುತ್ತದೆ. ಎಷ್ಟು ಕೊಡಬೇಕೆಂಬುದು ನಮ್ಮ ಕೈಯಲ್ಲಿದೆ. ತೆಂಗಿನತುರಿಯಲ್ಲಿ ನಾರೂ ಇದೆ, ಹಾಗಾಗಿ ಅದು ಪೂರ್ತಿ ನಷ್ಟದ ಬಾಬ್ತಲ್ಲ.

ಸತ್ವ ಎಲ್ಲಿ ಸೋರುತ್ತದೆ?

'ಕುಕ್ಕರಿನಲ್ಲಿ ಬೇಯಿಸಿದರೆ ಸತ್ವವೆಲ್ಲ ಸಾಯುತ್ತದೆ' ಎನ್ನುವವರು ಈಗಲೂ ಇದ್ದಾರೆ. ಸತ್ವ ಹಾಳಾಗಲು ಮೂರು ದಾರಿ: ಬಿಸಿ, ಗಾಳಿ, ಚೆಲ್ಲುವ ನೀರು. ಕುಕ್ಕರಿನಲ್ಲಿ ಬಿಸಿ ಹೆಚ್ಚಾದರೂ ಸಮಯ ಕಡಿಮೆ. ವೈಟ್ ಇಡುವ ಮೊದಲೇ ಆವಿ ಒಳಗಿನ ಗಾಳಿಯನ್ನು ಹೊರದಬ್ಬಿರುತ್ತದೆ. ಹಾಗಾಗಿ ಮುಚ್ಚಳ ತೆರೆದು ಹೊತ್ತುಗಟ್ಟಲೆ ಕುದಿಸುವುದಕ್ಕಿಂತ ಇದರಲ್ಲಿ ನಷ್ಟ ಕಡಿಮೆಯೇ.

ದೊಡ್ಡ ಸೋರಿಕೆ ಮೂರನೆಯದು. ಸಿ ಜೀವಸತ್ವ, ಬಿ ಗುಂಪಿನ ಕೆಲವು, ನೇಂದ್ರದಲ್ಲಿ ಧಾರಾಳ ಇರುವ ಪೊಟ್ಯಾಸಿಯಮ್, ಇವೆಲ್ಲ ನೀರಿಗೆ ಇಳಿಯುವಂಥವು. ಹೋಳು ಮುಳುಗುವಷ್ಟು ನೀರು ಹಾಕಿ, ಬೇಯಿಸಿ, ಬಸಿದು ಚೆಲ್ಲಿದರೆ ಅವೂ ಬಚ್ಚಲಿಗೆ ಹೋದವು. ಸ್ಟ್ಯಾಂಡಿನ ಮೇಲೆ ಆವಿಯಲ್ಲಿ ಬೇಯಿಸಿದರೆ, ಅಥವಾ ಸಿಪ್ಪೆ ಸಮೇತ ಬೇಯಿಸಿ ಆಮೇಲೆ ಸುಲಿದರೆ ಈ ನಷ್ಟ ಬಹುಪಾಲು ತಪ್ಪುತ್ತದೆ. ಮೂತ್ರಪಿಂಡದ ತೊಂದರೆಯಿದ್ದು ಪೊಟ್ಯಾಸಿಯಮ್ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದವರಿಗೆ ಮಾತ್ರ ಉಲ್ಟಾ: ಅವರು ಹೆಚ್ಚು ನೀರಿನಲ್ಲಿ ಬೇಯಿಸಿ ನೀರು ಚೆಲ್ಲುವುದೇ ಸರಿ.

ಬಾಣಲೆಯಲ್ಲೂ ಏರ್ ಫ್ರಯರಿನಲ್ಲೂ ಚೆಲ್ಲುವ ನೀರಿಲ್ಲ. ಆದ್ದರಿಂದ ಪೊಟ್ಯಾಸಿಯಮಿನಂಥ ಖನಿಜ ಹೋಳಿನಲ್ಲೇ ಉಳಿಯುತ್ತದೆ. ಹೋಳಿನಲ್ಲಿ ನೀರಿರುವ ತನಕ ಅದರ ಒಳಗಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೀಗಾಗಿ ದಪ್ಪ ಹೋಳು ಕರಿದಾಗ ಸಿ ಜೀವಸತ್ವ ನಾವೆಣಿಸಿದಷ್ಟು ನಾಶವಾಗುವುದಿಲ್ಲ. ಆದರೆ ಚಿಪ್ಸ್ ಅಂದರೆ ನೀರು ಪೂರಾ ಆರುವ ತನಕ ಕರಿದದ್ದು. ನೀರು ಮುಗಿದ ಮೇಲೆ ಹೋಳಿನ ಬಿಸಿ ಎಣ್ಣೆಯ ಬಿಸಿಯತ್ತ ಏರುತ್ತದೆ, ಸೂಕ್ಷ್ಮವಾದದ್ದು ಆಗ ಹೋಗುತ್ತದೆ.

ಅದೇ ಹೊತ್ತಿಗೆ ಇನ್ನೊಂದು ಕೆಡುಕೂ ಹುಟ್ಟುತ್ತದೆ. ಪಿಷ್ಟದ ಪದಾರ್ಥ 120 ಡಿಗ್ರಿ ದಾಟಿ ಒಣಬಿಸಿಯಲ್ಲಿ ಕೆಂಪಾಗುವಾಗ ಅಕ್ರಿಲಮೈಡ್ ಎಂಬ ವಸ್ತು ಉಂಟಾಗುತ್ತದೆ. ಆಹಾರದಲ್ಲಿ ಇದಿದೆಯೆಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಇದು ಕ್ಯಾನ್ಸರಿಗೆ ಕಾರಣವಾದದ್ದು ಕಂಡಿದೆ. ಬಾಣಲೆಯಲ್ಲೂ ಬರುತ್ತದೆ, ಏರ್ ಫ್ರಯರಿನಲ್ಲೂ ಬರುತ್ತದೆ. ಎಣ್ಣೆ ಇಲ್ಲದ ಮಾತ್ರಕ್ಕೆ ತಪ್ಪುವುದಿಲ್ಲ. ಒದ್ದೆ ಆವಿಯಲ್ಲಿ ಬೇಯುವ ಕುಕ್ಕರಿನಲ್ಲಿ ಅದು ಲೆಕ್ಕಕ್ಕಿಲ್ಲದಷ್ಟು.

ಇದನ್ನು ಗುರುತಿಸುವುದು ಬಣ್ಣದಿಂದ. ಚಿಪ್ಸ್ ಹಳದಿ-ಹೊಂಬಣ್ಣದಲ್ಲಿರುವಾಗಲೇ ತೆಗೆಯಿರಿ, ಕಂದು ಬಣ್ಣಕ್ಕೆ ಬಿಡಬೇಡಿ. ಬಾಣಲೆಯಲ್ಲಾದರೆ ಕಿವಿಯೂ ಸಹಾಯಕ್ಕಿದೆ. ಚುರುಚುರು ಸದ್ದು ಇಳಿದು ಗುಳ್ಳೆ ನಿಂತಿತೆಂದರೆ ನೀರು ಮುಗಿಯಿತು, ಎತ್ತುವ ಹೊತ್ತಾಯಿತು. ಏರ್ ಫ್ರಯರಿನಲ್ಲಿ ಈ ಸದ್ದು ಕೇಳದು, ಕೊನೆಯ ಐದು ನಿಮಿಷ ಎಳೆದು ನೋಡುತ್ತಿರಲೇಬೇಕು. ಹಣ್ಣಾಗತೊಡಗಿದ ಕಾಯಿಯಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಎರಡರಲ್ಲೂ ಬೇಗ ಕಪ್ಪಾಗುತ್ತದೆ. ಚಿಪ್ಸಿಗೆ ಪಚ್ಚೆ ಬಲಿತ ಕಾಯಿಯೇ ಆಗಬೇಕು.

ದಿನನಿತ್ಯಕ್ಕೆ ಯಾವುದು?

ಏರ್ ಫ್ರಯರ್ ಹಳ್ಳಿಗೆ ಹೊಂದಬೇಕಾದರೆ ಮೊದಲ ಪ್ರಶ್ನೆ ಕರೆಂಟಿನದು. ಸಾಮಾನ್ಯ ಮನೆಯ ಇನ್ವರ್ಟರಿನಲ್ಲಿ 1500 ವಾಟ್ ನಡೆಯದು. ಸಂಜೆ ವೋಲ್ಟೇಜು ಇಳಿದಾಗ ಸುರುಳಿ ಸಾಕಷ್ಟು ಕಾಯುವುದಿಲ್ಲ, ಹದಿನೆಂಟು ನಿಮಿಷದ ಕೆಲಸ ಅರ್ಧ ಗಂಟೆಗೂ ಮುಗಿಯದು. ದೊಡ್ಡ ಪ್ಲಗ್ ಪಾಯಿಂಟಿಗೇ ಸಿಕ್ಕಿಸಬೇಕು. ಬಲ್ಬಿನ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಎಳೆದರೆ ವಯರು ಬಿಸಿಯಾಗುತ್ತದೆ.

ಎರಡನೆಯದು, ಅದರಿಂದ ಆಗದ ಕೆಲಸ. ನೀರುಹಿಟ್ಟಿನಲ್ಲಿ ಅದ್ದಿದ ಪೋಡಿ ಅದರಲ್ಲಿ ಬರುವುದಿಲ್ಲ. ಕಾದ ಎಣ್ಣೆ ಹಿಟ್ಟನ್ನು ಕೂಡಲೇ ಹಿಡಿದು ಗಟ್ಟಿ ಮಾಡುತ್ತದೆ, ಗಾಳಿಗೆ ಆ ಶಕ್ತಿಯಿಲ್ಲ. ಹಿಟ್ಟು ತೊಟ್ಟಿಕ್ಕಿ ಬುಟ್ಟಿಯ ತೂತಿನಲ್ಲಿ ಅಂಟುತ್ತದೆ. ಕಡಲೆ, ಹುರುಳಿ, ಅಲಸಂಡೆಯಂಥ ಕಾಳು ಬೇಯಿಸಲು ಅದು ಪ್ರಯೋಜನಕ್ಕಿಲ್ಲ. ಕುಚ್ಚಲಕ್ಕಿ ಅನ್ನದ ಮಾತೇ ಬೇಡ. ಅವಕ್ಕೆಲ್ಲ ಕುಕ್ಕರೇ ಗತಿ.

ಅದರ ಚಿಪ್ಸ್ ಇಡುವುದಕ್ಕೂ ಅಷ್ಟಕ್ಕಷ್ಟೆ. ದಪ್ಪ ಹೋಳಿನ ನಡುವೆ ಸ್ವಲ್ಪ ತೇವ ಉಳಿದರೂ ಮಳೆಗಾಲದಲ್ಲಿ ಎರಡನೇ ದಿನಕ್ಕೆ ಮೆತ್ತಗಾಗುತ್ತದೆ. ಬಾಣಲೆಯ ಚಿಪ್ಸ್ ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಮಾರಾಟಕ್ಕೆ, ಹಬ್ಬಕ್ಕೆ, ದೂರದ ಮಕ್ಕಳಿಗೆ ಕಟ್ಟಿಕೊಡಲು ಬಾಣಲೆಯೇ ಬೇಕು.

ಬಾಣಲೆಯ ದೊಡ್ಡ ಸಮಸ್ಯೆ ಉಳಿದ ಎಣ್ಣೆ. ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಒಡೆದು ಕೆಟ್ಟ ವಸ್ತುಗಳಾಗುತ್ತವೆ. ತಿಂಡಿ ಮಾರುವವರ ಎಣ್ಣೆಯಲ್ಲಿ ಇಂಥವು ಶೇಕಡಾ 25 ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈಯಿಂದ ಇದೆ. ಮನೆಯಲ್ಲಿ ಅಳೆಯುವ ಸಾಧನ ಇಲ್ಲದಿದ್ದರೂ ಗುರುತು ಇದೆ: ಎಣ್ಣೆ ಕಪ್ಪಾಗುವುದು, ಬೆರಳಿಗೆ ಅಂಟಂಟಾಗುವುದು, ಸಣ್ಣ ಬಿಸಿಗೇ ಹೊಗೆ ಏಳುವುದು, ಹೋಳು ಹಾಕಿದಾಗ ನೊರೆ ಉಕ್ಕಿ ಇಳಿಯದಿರುವುದು. ಇವುಗಳಲ್ಲಿ ಒಂದು ಕಂಡರೂ ಬಿಟ್ಟುಬಿಡಿ. ಕರಿದ ಎಣ್ಣೆಯನ್ನು ತಣಿದ ಕೂಡಲೇ ಸೋಸಿಟ್ಟು ಒಗ್ಗರಣೆಗೆ ಮುಗಿಸಿದರೆ ಎರಡನೇ ಸಲ ಕರಿಯುವ ಪ್ರಮೇಯವಿಲ್ಲ. ಹಳತಿಗೆ ಹೊಸತು ಬೆರೆಸಿದರೆ ಹಳತು ಹೊಸದಾಗುವುದಿಲ್ಲ.

ಕುಕ್ಕರಿಗೆ ಬೇಕಾದ ಜಾಗ್ರತೆ ಸಣ್ಣದು. ವೈಟ್ ಕೂರುವ ಕೊಳವೆಯ ತೂತನ್ನು ಬೆಳಕಿಗೆ ಹಿಡಿದು ನೋಡಿಯೇ ಮುಚ್ಚಬೇಕು. ಗ್ಯಾಸ್ಕೆಟ್ ಸಡಿಲವಾದರೆ ಅಂಚಿನಲ್ಲಿ ಆವಿ ಹೋಗಿ ವಿಶಲ್ ಬರುವುದೇ ಇಲ್ಲ, ನೀರು ಆರಿ ತಳ ಹಿಡಿಯುತ್ತದೆ.

ನಮ್ಮಲ್ಲೀಗ ನಡೆಯುವ ಕ್ರಮ ಹೀಗೆ. ವಾರದ ಐದು ದಿನ ಸಂಜೆ ಮಾವನಿಗೆ ಆವಿಯಲ್ಲಿ ಬೆಂದ ನೇಂದ್ರ ಒಂದು ಬಟ್ಟಲು, ಮೇಲೆ ಸಾಸಿವೆ-ಕರಿಬೇವಿನ ಒಗ್ಗರಣೆ ಒಂದು ಚಹಾ ಚಮಚ ಎಣ್ಣೆಯಲ್ಲಿ. ಎರಡು ದಿನ ಏರ್ ಫ್ರಯರಿನ ಚಿಪ್ಸ್, ತೂಗಿ 35 ಗ್ರಾಂ. ಬೆಂದ ಬಟ್ಟಲಿನಲ್ಲಿರುವಷ್ಟೇ ಪಿಷ್ಟ ಅದರಲ್ಲೂ ಇದೆ. ಅವರ ಸಂಜೆಯ ಪಾಲಿಗೆ 30 ಗ್ರಾಂ ಪಿಷ್ಟ ಸಾಕೆಂದು ವೈದ್ಯರನ್ನು ಕೇಳಿಯೇ ಗೊತ್ತುಮಾಡಿದ್ದು. ನಿಮ್ಮ ಮನೆಯವರ ಅಳತೆ ಬೇರೆ ಇರಬಹುದು, ಕೇಳಿಕೊಳ್ಳಿ. ಬಾಣಲೆ ಏರುವುದು ಚೌತಿ, ಅಷ್ಟಮಿಗೆ ಮತ್ತು ಗೊನೆ ಹೆಚ್ಚಾಗಿ ಉಳಿದಾಗ.

ಏರ್ ಫ್ರಯರ್ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವವರು ಮೊದಲು ಮನೆಯಲ್ಲಿ ತಿಂಗಳಿಗೆ ಎಷ್ಟು ಸಲ ಬಾಣಲೆ ಏರುತ್ತದೆಂದು ಎಣಿಸಿ. ವಾರಕ್ಕೆ ಮೂರ್ನಾಲ್ಕು ಸಲ ಕರಿಯುವ ಸಣ್ಣ ಸಂಸಾರವಾದರೆ ಅದು ಎಣ್ಣೆ ಉಳಿಸುತ್ತದೆ. ಹತ್ತು ಜನರ ಮನೆಗೆ ಅದರ ಬುಟ್ಟಿ ಸಾಲದು. ತಿಂಗಳಿಗೊಮ್ಮೆ ಕರಿಯುವವರು ಆ ದುಡ್ಡಿನಲ್ಲಿ ಐದು ಕಿಲೋ ತೂಗುವ ಅಡುಗೆಮನೆಯ ತಕ್ಕಡಿ ಕೊಂಡರೆ ಸಾಕು, ಉಳಿದದ್ದು ಕಿಸೆಯಲ್ಲೇ ಇರಲಿ.